ತಪ್ಪಿಹೋದ ನ್ಯೂಟನ್ ಉಂಗುರಗಳ ಪ್ರಯೋಗ ಮತ್ತು ಅದನ್ನು ಮತ್ತೆ ಮಾಡಲು ಬರೆದ ಪತ್ರ

ಧಾರವಾಡದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿರುವ ನನಗೆ ಈ ಆಗಸ್ಟ್ ತಿಂಗಳಲ್ಲಿ ಆಪ್ಟಿಕ್ಸ್‌ನ ಒಂದು ಪ್ರಯೋಗ ತಪ್ಪಿಹೋಯಿತು. ಅದನ್ನು ಮತ್ತೆ ಮಾಡಲು ಪ್ರಯೋಗಾಲಯದ ಬೋಧಕರಿಗೆ ಪತ್ರ ಬರೆದು, ಒಪ್ಪಿಗೆ ಪಡೆದು, ಪ್ರಯೋಗ ಮುಗಿಸಿ ಜರ್ನಲ್‌ಗೆ ಸಹಿ ಹಾಕಿಸಿಕೊಂಡದ್ದು ಮೊನ್ನೆ ಮೊನ್ನೆ. ಈ ನಡುವೆ ಯಾವ ಕಾಗದ ಬೇಕು, ಯಾರನ್ನು ಮೊದಲು ಕೇಳಬೇಕು, ಪತ್ರದಲ್ಲಿ ಏನನ್ನು ಬರೆಯಬೇಕು ಎಂಬುದನ್ನು ಒಂದೇ ಕಡೆ ಹೇಳುವವರು ನನಗೆ ಸಿಗಲಿಲ್ಲ. ನಮ್ಮಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಂದಿರುವ ಪತ್ರದ ನಮೂನೆಯೊಂದಿದೆ. ಅದು ರಜೆ ಕೇಳುವ ಅರ್ಜಿಯೇ ಹೊರತು ಪ್ರಯೋಗ ಮತ್ತೆ ಮಾಡಲು ಅವಕಾಶ ಕೇಳುವುದಲ್ಲ. ಈ ಎರಡರ ನಡುವೆ ಇರುವ ವ್ಯತ್ಯಾಸ ದೊಡ್ಡದು ಎಂದು ನನಗೆ ತಿಳಿದದ್ದು ಈ ಓಡಾಟದಲ್ಲಿಯೇ.

ಆಗಸ್ಟ್ 7, ಗುರುವಾರ, ನಮ್ಮ 'ಎ' ಬ್ಯಾಚಿನಲ್ಲಿ ನನ್ನ ಸರದಿಗೆ ನ್ಯೂಟನ್ ಉಂಗುರಗಳ ಪ್ರಯೋಗ ಬಂದಿತ್ತು. ಹಿಂದಿನ ದಿನ ಬೆಳಿಗ್ಗೆ ಎದ್ದಾಗ ಎರಡೂ ಕಣ್ಣಿನ ರೆಪ್ಪೆಗಳು ಪಿಸುರು ಕಟ್ಟಿ ಅಂಟಿಕೊಂಡಿದ್ದವು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ನಮ್ಮ ಕಡೆ ಕಣ್ಣು ಬೇನೆ ಎನ್ನುವ, ಪೇಟೆಯಲ್ಲಿ ಮದ್ರಾಸ್ ಐ ಎನ್ನುವ ಸೋಂಕು ಅದು. ಸಪ್ತಾಪುರದ ನಮ್ಮ ರೂಮಿನಲ್ಲಿ ಇನ್ನಿಬ್ಬರಿಗೆ ಆಗಲೇ ಬಂದಿತ್ತು. ಜ್ವರ ಬಂದಿದ್ದರೆ ಮಾತ್ರೆ ನುಂಗಿ ಹೋಗಿ ನಿಲ್ಲಬಹುದಿತ್ತು. ಈ ಪ್ರಯೋಗದಲ್ಲಿ ಮಾತ್ರ ಸೂಕ್ಷ್ಮದರ್ಶಕದ ಐಪೀಸ್‌ಗೆ ಕಣ್ಣನ್ನು ತಾಗಿಸಿದಂತೆ ಇಟ್ಟು ಗಂಟೆಗಟ್ಟಲೆ ನೋಡಬೇಕು, ನಾನು ಎದ್ದ ಮೇಲೆ ಅದೇ ಐಪೀಸ್‌ಗೆ ಮುಂದಿನ ಬ್ಯಾಚಿನವರು ಕಣ್ಣಿಡಬೇಕು. ವೈದ್ಯರು ಔಷಧದ ಹನಿ ಬರೆದುಕೊಟ್ಟು, ಕೆಂಪು ಹೋಗುವವರೆಗೆ ಟವೆಲ್, ದಿಂಬು ಬೇರೆ ಇಡಬೇಕು, ಯಾರೊಡನೆಯೂ ಉಪಕರಣ ಹಂಚಿಕೊಳ್ಳಬಾರದು ಎಂದರು. ನಾನು ಅಂದೇ ಸಂಜೆ ಬಸ್ಸು ಹತ್ತಿ ನವಲಗುಂದದ ಮನೆಗೆ ಹೋದೆ. ಹೋಗುವ ಮೊದಲು ಬ್ಯಾಚಿನ ಗೆಳತಿಯ ಮೂಲಕ ಸರ್ ಅವರಿಗೆ ಬಾಯಿಮಾತಿನಲ್ಲಿ ಸುದ್ದಿ ಮುಟ್ಟಿಸಿದ್ದೆ. ಬಾಯಿಮಾತಿಗೆ ಹಾಜರಾತಿ ಪುಸ್ತಕದಲ್ಲಿ ಜಾಗವಿಲ್ಲವಾದರೂ ಅದರಿಂದ ಮುಂದೆ ಉಪಯೋಗವಾಯಿತು.

ಕಾಗದದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿ. ಆಸ್ಪತ್ರೆಯಲ್ಲಿ ಕೊಡುವ ಹೊರರೋಗಿ ಚೀಟಿಯಲ್ಲಿ ಒಂದು ದಿನಾಂಕ ಮತ್ತು ಔಷಧದ ಹೆಸರು ಇರುತ್ತವೆ, ಅಷ್ಟೇ. ಆ ದಿನ ನೀವು ಆಸ್ಪತ್ರೆಗೆ ಹೋಗಿದ್ದಿರಿ ಎಂಬುದಕ್ಕೆ ಅದು ಸಾಕ್ಷಿ. ಮರುದಿನ ಪ್ರಯೋಗಾಲಯಕ್ಕೆ ಬರಬಾರದಿತ್ತು ಎಂಬುದನ್ನು ಅದು ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ದೂರ ಇರಬೇಕಾಗಿತ್ತು ಮತ್ತು ಈಗ ಗುಣವಾಗಿದೆ ಎಂದು ಬರೆದ ವೈದ್ಯಕೀಯ ಪ್ರಮಾಣಪತ್ರ. ಅದನ್ನು ಕಣ್ಣು ಕೆಂಪಾಗಿದ್ದಾಗ ಕೇಳಿದರೆ ಕೊನೆಯ ದಿನಾಂಕ ಹಾಕಲು ಬರುವುದಿಲ್ಲ, ಎಲ್ಲ ಗುಣವಾಗಿ ವಾರಗಟ್ಟಲೆ ಬಿಟ್ಟು ಕೇಳಿದರೆ ವೈದ್ಯರು ಕೊಡಲು ಹಿಂಜರಿಯುತ್ತಾರೆ. ಆದ್ದರಿಂದ ಆಗಸ್ಟ್ 13ರಂದು, ಕಣ್ಣು ತಿಳಿಯಾದ ದಿನವೇ, ಅದೇ ವೈದ್ಯರ ಬಳಿ ಮೊದಲಿನ ಚೀಟಿಯನ್ನು ಹಿಡಿದು ಹೋದೆ. ಅವರ ಶುಲ್ಕ ಮತ್ತು ಬಸ್ಸಿನ ಖರ್ಚು ಬಿಟ್ಟರೆ ಈ ಇಡೀ ಪ್ರಕರಣದಲ್ಲಿ ನನ್ನ ಕೈಯಿಂದ ಹೋದದ್ದು ಝೆರಾಕ್ಸ್ ಅಂಗಡಿಯ ಚಿಲ್ಲರೆ ಮಾತ್ರ. ಪ್ರಮಾಣಪತ್ರದಲ್ಲಿ ಸುಮ್ಮನೆ 'ಅನಾರೋಗ್ಯ' ಎಂದು ಬರೆಯದೆ ಕಣ್ಣಿನ ಹರಡುವ ಸೋಂಕು ಎಂದು ಬರೆಯಿರಿ ಎಂದು ಕೇಳಿಕೊಂಡೆ. ಆ ಒಂದು ಪದದಿಂದ ಬೋಧಕರಿಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ.

ಆಗಸ್ಟ್ 15ರ ರಜೆ ಕಳೆದು ಧಾರವಾಡಕ್ಕೆ ಮರಳಿದಾಗ ಗೆಳತಿಯರು ಸಹಾಯಕ್ಕೆ ಬಂದ ರೀತಿಯೇ ಬೇರೆ. 'ಸುಮ್ನ ಯಾಕ ತಲಿ ಕೆಡಿಸ್ಕೋತಿ, ನಮ್ಮ ರೀಡಿಂಗ್ ಬರಕೋ' ಎಂದು ಜರ್ನಲ್ ಮುಂದಿಟ್ಟರು. ಅವರ ಮನಸ್ಸು ಒಳ್ಳೆಯದೇ. ಆದರೆ ಈ ಪ್ರಯೋಗದಲ್ಲಿ ಹಾಗೆ ನಕಲು ಮಾಡಿದರೆ ಸಿಕ್ಕಿಬೀಳುವುದಕ್ಕೆ ಒಂದು ನಿಮಿಷವೂ ಬೇಡ. ಮಸೂರವನ್ನು ಗಾಜಿನ ಫಲಕದ ಮೇಲೆ ಪ್ರತಿಸಲ ಹೊಸದಾಗಿ ಇಡುತ್ತೇವೆ. ಹೀಗಾಗಿ ಉಂಗುರಗಳ ಕೇಂದ್ರವು ಸೂಕ್ಷ್ಮದರ್ಶಕದ ಅಳತೆಪಟ್ಟಿಯಲ್ಲಿ ಒಬ್ಬರಿಗೆ 4.8ರ ಹತ್ತಿರ ಬಂದರೆ ಇನ್ನೊಬ್ಬರಿಗೆ 6.1ರ ಹತ್ತಿರ ಬರುತ್ತದೆ. ವ್ಯಾಸಗಳು ಹೊಂದಬಹುದು, ಆದರೆ ಎಡ ಬಲದ ರೀಡಿಂಗ್‌ಗಳು ಸೆಂಟಿಮೀಟರಿನ ಮೂರನೆಯ ದಶಮಾಂಶದವರೆಗೆ ಎರಡು ಜರ್ನಲ್‌ಗಳಲ್ಲಿ ಒಂದೇ ಇರಲು ಸಾಧ್ಯವಿಲ್ಲ. ಸಹಿ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಅದಲ್ಲದೆ ಪರೀಕ್ಷೆಯ ದಿನ ಚೀಟಿ ಎತ್ತಿದಾಗ ಇದೇ ಪ್ರಯೋಗ ಬಂದರೆ, ಕೈಯಿಂದ ಒಮ್ಮೆಯೂ ಉಂಗುರ ತಂದು ನೋಡದವಳು ಅಲ್ಲಿ ಏನು ಮಾಡುವುದು?

ಪತ್ರ ಬರೆಯಲು ಕುಳಿತಾಗ ಮೊದಲು ಎದುರಾದ ಪ್ರಶ್ನೆ, ಏನನ್ನು ಕೇಳಬೇಕು ಎಂಬುದು. 'ಇನ್ನೊಂದು ಅವಕಾಶ ಕೊಡಿ' ಎಂದು ಬರೆದರೆ ಸಾಲದು. ಕೊಡುವ ಮನಸ್ಸು ಬೋಧಕರಿಗೆ ಇದ್ದೇ ಇರುತ್ತದೆ. ತೊಂದರೆ ಇರುವುದು ಮೇಜು, ದೀಪ ಮತ್ತು ವೇಳೆಯಲ್ಲಿ. ನಮ್ಮಲ್ಲಿ ಪ್ರಯೋಗಗಳು ಸರದಿಯ ಮೇಲೆ ನಡೆಯುತ್ತವೆ. ಒಂದು ವಾರ ಒಂದು ಜೋಡಿ ನ್ಯೂಟನ್ ಉಂಗುರ ಮಾಡಿದರೆ ಇನ್ನೊಂದು ಜೋಡಿ ಸ್ಪೆಕ್ಟ್ರೋಮೀಟರಿನಲ್ಲಿ ಪಟ್ಟಕ ಇಟ್ಟುಕೊಂಡಿರುತ್ತದೆ, ಮುಂದಿನ ವಾರ ಜಾಗ ಬದಲು. ಮಧ್ಯದಲ್ಲಿ ಒಬ್ಬಳನ್ನು ಸೇರಿಸಬೇಕಾದರೆ ಇನ್ನೊಬ್ಬರ ಸರದಿ ಕೆಡುತ್ತದೆ. ಆದ್ದರಿಂದ ಪತ್ರಕ್ಕಿಂತ ಮೊದಲು ನಾನು ಹೋದದ್ದು ಪ್ರಯೋಗಾಲಯದ ಅಟೆಂಡರ್ ಕಾಕಾ ಅವರ ಬಳಿ.

'ನೋಡ ತಂಗಿ, ಮೈಕ್ರೋಸ್ಕೋಪ ಎರಡ ಅದಾವ, ಸೋಡಿಯಂ ದೀಪ ಒಂದ ಐತಿ' ಎಂದರು ಕಾಕಾ. ಆ ದೀಪದ ಪೆಟ್ಟಿಗೆಗೆ ಎರಡು ಕಡೆ ಕಿಂಡಿಗಳಿದ್ದು, ಒಂದು ಕಡೆಯ ಬೆಳಕನ್ನು ಪಟ್ಟಕದವರು, ಇನ್ನೊಂದು ಕಡೆಯ ಬೆಳಕನ್ನು ಉಂಗುರದವರು ಬಳಸುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನವೆಲ್ಲ ಬ್ಯಾಚುಗಳು ತುಂಬಿರುತ್ತವೆ. ಶನಿವಾರ ಬೆಳಿಗ್ಗೆ ಆ ಕೋಣೆ ಖಾಲಿ, ಆದರೆ 25ನೇ ತಾರೀಖಿನ ಸೋಮವಾರದಿಂದ ಎರಡನೆಯ ಸುತ್ತು ಆರಂಭವಾಗುವುದರಿಂದ ಉಂಗುರದ ಸಲಕರಣೆ ತೆಗೆದು ಆ ಮೇಜಿಗೆ ಗ್ರೇಟಿಂಗ್ ಮತ್ತು ಪಾದರಸದ ದೀಪ ಬರುತ್ತವೆ ಎಂದೂ ಹೇಳಿದರು. ಅದರ ಬೆನ್ನಿಗೇ 27ಕ್ಕೆ ಗಣೇಶ ಚತುರ್ಥಿ. ಅಂದರೆ ಎಲ್ಲ ಸಲಕರಣೆ ಜೋಡಿಸಿದಂತೆಯೇ ಇರುವ ಕೊನೆಯ ಬಿಡುವು 23ನೇ ತಾರೀಖಿನ ಶನಿವಾರ. ಕಾಕಾ ಅವರಿಂದ ಈ ಮಾತು ತಿಳಿದ ಮೇಲೆ ಪತ್ರದ ತಿರುಳು ತಾನಾಗಿಯೇ ಸಿಕ್ಕಿತು. ನಿಮ್ಮ ಕಾಲೇಜಿನಲ್ಲಿ ದೀಪಗಳು ಹೆಚ್ಚು ಇರಬಹುದು, ದಿನ ಬೇರೆ ಇರಬಹುದು. ಆದರೂ ಈ ವಿಚಾರಣೆಯನ್ನು ಮುಗಿಸದೆ ಪತ್ರಕ್ಕೆ ಕೈ ಹಚ್ಚಬೇಡಿ ಎಂದೇ ಹೇಳುತ್ತೇನೆ.

ಪತ್ರವನ್ನು ಯಾರಿಗೆ ಬರೆಯಬೇಕು ಎಂಬುದರ ಬಗ್ಗೆಯೂ ಎರಡು ಮಾತು ಕೇಳಿಬಂದವು. ಕೆಲವರು ಪ್ರಾಂಶುಪಾಲರಿಗೆ ಎಂದರು, ಕೆಲವರು ವಿಭಾಗದ ಮುಖ್ಯಸ್ಥರಿಗೆ ಎಂದರು. ನನಗೆ ತೋಚಿದ್ದು ಹೀಗೆ: ಆ ದಿನ ಗೈರು ಎಂದು ಬರೆದವರು, ಮುಂದೆ ಪ್ರಯೋಗ ಮಾಡಿಸಿ ಜರ್ನಲ್‌ಗೆ ಸಹಿ ಹಾಕುವವರು ಬೋಧಕರೇ ಆದ್ದರಿಂದ ಪತ್ರ ಅವರ ಹೆಸರಿಗೇ ಇರಬೇಕು, ಮೇಲಿನವರ ಒಪ್ಪಿಗೆ ಬೇಕೆನಿಸಿದರೆ ಅದೇ ಹಾಳೆಯ ಮೇಲೆ ಅವರೇ ಬರೆಸಿಕೊಳ್ಳಲಿ. ಅದಕ್ಕಾಗಿ ಎಡಗಡೆ ಅಗಲವಾದ ಅಂಚು ಬಿಟ್ಟು, ಸಹಿಯ ಕೆಳಗೆ ನಾಲ್ಕು ಬೆರಳು ಜಾಗವನ್ನು ಖಾಲಿ ಇಟ್ಟು, ಒಂದೇ ಪುಟದಲ್ಲಿ ಮುಗಿಯುವಂತೆ ಕೈಬರಹದಲ್ಲಿ ಬರೆದೆ. ಹೆಸರು ಮತ್ತು ಸಂಖ್ಯೆಯನ್ನು ಬಿಟ್ಟು ಆ ಪತ್ರವನ್ನು ಇಲ್ಲಿ ಇದ್ದ ಹಾಗೆಯೇ ಕೊಡುತ್ತಿದ್ದೇನೆ.

ಧಾರವಾಡ
ದಿನಾಂಕ: 18-08-2025

ಇವರಿಗೆ,
ಪ್ರಯೋಗಾಲಯದ ಬೋಧಕರು,
ಭೌತಶಾಸ್ತ್ರ ವಿಭಾಗ.

ಇವರಿಂದ,
(ಹೆಸರು, ತರಗತಿ, ನೋಂದಣಿ ಸಂಖ್ಯೆ), 'ಎ' ಬ್ಯಾಚ್.

ವಿಷಯ: ದಿನಾಂಕ 07-08-2025ರಂದು ತಪ್ಪಿದ ನ್ಯೂಟನ್ ಉಂಗುರಗಳ ಪ್ರಯೋಗವನ್ನು ಮತ್ತೆ ಮಾಡಲು ಅವಕಾಶ ಕೋರಿ.

ಮಾನ್ಯರೇ,

ಆಗಸ್ಟ್ 6ರಿಂದ 13ರವರೆಗೆ ನನಗೆ ಕಣ್ಣಿನ ಹರಡುವ ಸೋಂಕು ಇದ್ದುದರಿಂದ, ಇತರ ವಿದ್ಯಾರ್ಥಿಗಳು ಬಳಸುವ ಐಪೀಸ್‌ಗೆ ಕಣ್ಣಿಡಬಾರದೆಂಬ ವೈದ್ಯರ ಸೂಚನೆಯಂತೆ 7ರ ಗುರುವಾರದ ಪ್ರಾಯೋಗಿಕ ತರಗತಿಗೆ ಹಾಜರಾಗಲಿಲ್ಲ. ಅಂದು ನನ್ನ ಸರದಿಯಲ್ಲಿ ಸಮತಲ-ಪೀನ ಮಸೂರದ ವಕ್ರತಾ ತ್ರಿಜ್ಯವನ್ನು ನ್ಯೂಟನ್ ಉಂಗುರಗಳಿಂದ ಕಂಡುಹಿಡಿಯುವ ಪ್ರಯೋಗವಿತ್ತು. ಈ ಸುತ್ತಿನ ಉಳಿದ ಪ್ರಯೋಗಗಳನ್ನು ನಾನು ಪೂರ್ಣಗೊಳಿಸಿದ್ದು, ಅವುಗಳಿಗೆ ತಮ್ಮ ಸಹಿಯಾಗಿದೆ.

ಈ ಪ್ರಯೋಗದ ಸಲಕರಣೆಯು ಆಗಸ್ಟ್ 23, ಶನಿವಾರದವರೆಗೆ ಜೋಡಿಸಿದ ಸ್ಥಿತಿಯಲ್ಲಿಯೇ ಇರುತ್ತದೆ ಮತ್ತು ಅಂದು ಬೆಳಿಗ್ಗೆ ಪ್ರಯೋಗಾಲಯದಲ್ಲಿ ಬೇರೆ ಬ್ಯಾಚ್ ಇರುವುದಿಲ್ಲ ಎಂದು ತಿಳಿದುಕೊಂಡಿದ್ದೇನೆ. ಅಂದು ಬೆಳಿಗ್ಗೆ 10ರಿಂದ 1ರವರೆಗೆ, ಅಥವಾ ತಮಗೆ ಅನುಕೂಲವಾದ ಬೇರೆ ವೇಳೆಯಲ್ಲಿ, ಈ ಪ್ರಯೋಗವನ್ನು ಮಾಡಲು ದಯವಿಟ್ಟು ಅವಕಾಶ ನೀಡಬೇಕೆಂದು ಕೋರುತ್ತೇನೆ. ನನಗೆ ಜೋಡಿಯಾಗಿದ್ದ ವಿದ್ಯಾರ್ಥಿನಿಯು ತನ್ನ ಪ್ರಯೋಗವನ್ನು ಮುಗಿಸಿರುವುದರಿಂದ ನಾನೊಬ್ಬಳೇ ರೀಡಿಂಗ್ ತೆಗೆಯಬೇಕಾಗುತ್ತದೆ. ಆ ಕಾರಣಕ್ಕೆ ಮೂರು ಗಂಟೆಯ ಸಮಯವನ್ನು ಕೇಳಿದ್ದೇನೆ. ಪ್ರಯೋಗದ ತತ್ವ, ಚಿತ್ರ, ಸೂತ್ರ ಮತ್ತು ಖಾಲಿ ಕೋಷ್ಟಕವನ್ನು ಜರ್ನಲ್‌ನಲ್ಲಿ ಬರೆದು ಸಿದ್ಧವಾಗಿಟ್ಟಿದ್ದೇನೆ.

ಲಗತ್ತು: ವೈದ್ಯಕೀಯ ಪ್ರಮಾಣಪತ್ರ ಮತ್ತು ಹೊರರೋಗಿ ಚೀಟಿಯ ಪ್ರತಿ.

ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ)

ಪತ್ರದಲ್ಲಿ ಬೇನೆಯ ವರ್ಣನೆ ಒಂದೇ ವಾಕ್ಯದಲ್ಲಿದೆ, ಉಳಿದದ್ದೆಲ್ಲ ಪ್ರಯೋಗದ ಮಾತು. ಮನೆಯ ಕಷ್ಟ, ಅಂಕಗಳ ಚಿಂತೆ, 'ನನ್ನ ಭವಿಷ್ಯ ತಮ್ಮ ಕೈಯಲ್ಲಿದೆ' ಎಂಬಂಥ ಮಾತುಗಳನ್ನು ನಾನು ಬೇಕೆಂದೇ ಬಿಟ್ಟೆ. ಓದುವವರಿಗೆ ಅವುಗಳಿಂದ ತೀರ್ಮಾನ ಮಾಡಲು ಏನೂ ಸಿಗುವುದಿಲ್ಲ. 'ಅಥವಾ ತಮಗೆ ಅನುಕೂಲವಾದ ಬೇರೆ ವೇಳೆಯಲ್ಲಿ' ಎಂಬ ಐದು ಪದಗಳನ್ನು ಮಾತ್ರ ಮರೆಯಬಾರದು. ಅವಿಲ್ಲದಿದ್ದರೆ ದಿನ ಗೊತ್ತುಮಾಡಿ ಆಜ್ಞೆ ಹೊರಡಿಸಿದಂತೆ ಕಾಣುತ್ತದೆ.

ಸೋಮವಾರ ಮಧ್ಯಾಹ್ನ ಪತ್ರ ಕೊಡಲು ಹೋದಾಗ ಸರ್ 'ಸಿ' ಬ್ಯಾಚಿನ ವೈವಾ ತೆಗೆದುಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತು ಕಾಯ್ದದ್ದು ಬಹಳ ಹೊತ್ತಾಯಿತು; ಹೊರಗೆ ಜಿಟಿಜಿಟಿ ಮಳೆ, ಕೈಯಲ್ಲಿದ್ದ ಹಾಳೆ ಒದ್ದೆಯಾಗದಂತೆ ಜರ್ನಲ್‌ನೊಳಗೆ ಇಟ್ಟುಕೊಂಡಿದ್ದೆ. ಅವರು ಪತ್ರ ಓದಿ ಮೊದಲು ಕೇಳಿದ್ದು ಪ್ರಮಾಣಪತ್ರವನ್ನಲ್ಲ, ಜರ್ನಲ್ ಅನ್ನು. ಖಾಲಿ ಕೋಷ್ಟಕವನ್ನು ನೋಡಿದರು, ಪುಟ ತಿರುಗಿಸಿ ಹಿಂದಿನ ಸಹಿಗಳನ್ನು ನೋಡಿದರು. ನಂತರ, 'ದಿನ ನೀನೇ ಹುಡುಕಿ ಬರದೀ, ಚಲೋ ಆತು. ಆದ್ರ ಶನಿವಾರ ಲ್ಯಾಬ್ ತೆಗೀಬೇಕಂದ್ರ ಹೆಚ್.ಓ.ಡಿ. ಅವರ ಸಹಿ ಬೇಕವ್ವಾ' ಎಂದರು. ಬೇರೆ ಬ್ಯಾಚ್ ಇಲ್ಲದ ಹೊತ್ತಿನಲ್ಲಿ ಕೋಣೆ ತೆರೆದು ಉಪಕರಣ ಕೊಡುವುದಕ್ಕೆ ಮುಖ್ಯಸ್ಥರ ಒಪ್ಪಿಗೆ ಬೇಕು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಎಡಗಡೆಯ ಅಂಚು ಆಗ ಕೆಲಸಕ್ಕೆ ಬಂತು: ಅಲ್ಲಿ ಸರ್ 'ಶಿಫಾರಸು ಮಾಡಲಾಗಿದೆ' ಎಂದು ಬರೆದು ಸಹಿ ಹಾಕಿಕೊಟ್ಟರು.

ಮುಖ್ಯಸ್ಥರು ಸಭೆಯ ಕೆಲಸದ ಮೇಲೆ ಹೊರಗಿದ್ದರು. ಅವರು ಬರುವವರೆಗಿನ ದಿನಗಳೇ ನನಗೆ ಎಲ್ಲಕ್ಕಿಂತ ಕಠಿಣವಾಗಿದ್ದವು. ಶನಿವಾರ ಹತ್ತಿರವಾಗುತ್ತಿತ್ತು, ಸಹಿ ಇರಲಿಲ್ಲ, ಸಲಕರಣೆ ಬಿಚ್ಚಿದರೆ ಅದನ್ನು ಒಬ್ಬಳಿಗಾಗಿ ಮತ್ತೆ ಜೋಡಿಸಲು ಯಾರು ಒಪ್ಪುತ್ತಾರೆ ಎಂಬ ಚಿಂತೆಯಲ್ಲಿ ರಾತ್ರಿ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ಗುರುವಾರ ಸಂಜೆ ಅವರು ಸಿಕ್ಕಾಗ ಒಂದೇ ಪ್ರಶ್ನೆ ಕೇಳಿದರು: ಅಂದು ಯಾರು ಹಾಜರಿರುತ್ತಾರೆ? ಅಟೆಂಡರ್ ಕಾಕಾ ಇರುತ್ತಾರೆ, ಸರ್ 11 ಗಂಟೆಗೆ ಬರುತ್ತಾರೆ ಎಂದೆ. ಸಹಿ ಆಯಿತು. ಇದನ್ನು ಓದುತ್ತಿರುವವರು ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಸಹಿಯಾದ ಹಾಳೆಯ ಎರಡು ಝೆರಾಕ್ಸ್ ತೆಗೆಸಿ ಒಂದನ್ನು ಕಾಕಾ ಅವರಿಗೆ ಕೊಟ್ಟೆ, ಇನ್ನೊಂದನ್ನು ನನ್ನಲ್ಲಿಟ್ಟುಕೊಂಡು ಮೂಲವನ್ನು ವಿಭಾಗದ ಕಡತಕ್ಕೆ ಒಪ್ಪಿಸಿದೆ.

ಶನಿವಾರ ಹತ್ತಕ್ಕೆ ಕಾಕಾ ಕಿಟಕಿಗೆ ಕಪ್ಪು ಪರದೆ ಎಳೆದು ದೀಪ ಹಚ್ಚಿದರು. ಸೋಡಿಯಂ ದೀಪ ಹಚ್ಚಿದ ಕೂಡಲೇ ಹಳದಿ ಬೆಳಕು ಬರುವುದಿಲ್ಲ. ಮೊದಲು ಒಳಗಿನ ನಿಯಾನ್ ಅನಿಲ ಕೆಂಪಾಗಿ ಹೊಳೆಯುತ್ತದೆ, ಕೊಳವೆ ಕಾಯ್ದು ಸೋಡಿಯಂ ಆವಿಯಾದಂತೆ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ಆ ಹತ್ತು ನಿಮಿಷದಲ್ಲಿ ನಾನು ಮಸೂರ ಮತ್ತು ಗಾಜಿನ ಫಲಕವನ್ನು ಸ್ಪಿರಿಟ್ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಮಸೂರದ ಉಬ್ಬಿದ ಬದಿ ಕೆಳಗೆ ಬರುವಂತೆ ಫಲಕದ ಮೇಲಿಟ್ಟೆ. ಅದರ ಮೇಲೆ 45 ಡಿಗ್ರಿ ಕೋನದಲ್ಲಿ ಇನ್ನೊಂದು ಗಾಜು ಇರುತ್ತದೆ. ದೀಪದ ಬೆಳಕನ್ನು ಅದು ಕೆಳಕ್ಕೆ ತಿರುಗಿಸುತ್ತದೆ, ಮಸೂರ ಮತ್ತು ಫಲಕದ ನಡುವಿನ ಗಾಳಿಯ ಪದರದಿಂದ ಪ್ರತಿಫಲಿಸಿದ ಬೆಳಕು ಅದರ ಮೂಲಕವೇ ಮೇಲೆ ಸೂಕ್ಷ್ಮದರ್ಶಕಕ್ಕೆ ಹೋಗುತ್ತದೆ. ಈ ಗಾಜಿನ ಕೋನ ತಪ್ಪಿದ್ದರೆ ಎಷ್ಟು ಫೋಕಸ್ ಮಾಡಿದರೂ ಕತ್ತಲೆಯೇ ಕಾಣುತ್ತದೆ. ಐಪೀಸ್‌ನೊಳಗೆ ಸಮನಾದ ಹಳದಿ ಬೆಳಕು ತುಂಬುವವರೆಗೆ ಮೊದಲು ಗಾಜನ್ನು ತಿರುಗಿಸಿ, ಆಮೇಲೆ ಫೋಕಸ್‌ಗೆ ಕೈ ಹಾಕಬೇಕು.

ಉಂಗುರಗಳು ಕಂಡವು, ಆದರೆ ನಡುವಿನ ಚುಕ್ಕೆ ಹೊಳೆಯುತ್ತಿತ್ತು. ಪ್ರತಿಫಲಿತ ಬೆಳಕಿನಲ್ಲಿ ಅದು ಕಪ್ಪಾಗಿರಬೇಕು. ಮಸೂರ ಫಲಕಕ್ಕೆ ತಾಗುವಲ್ಲಿ ಗಾಳಿಯ ಪದರದ ದಪ್ಪ ಸೊನ್ನೆ. ಆದರೂ ಕೆಳಗಿನ ಗಾಜಿನಿಂದ ಮರಳುವ ಅಲೆಯು ಸಾಂದ್ರ ಮಾಧ್ಯಮಕ್ಕೆ ಬಡಿದು ಅರ್ಧ ಅಲೆಯಷ್ಟು ತಿರುಗಿಬರುವುದರಿಂದ ಅದೂ ಮಸೂರದ ಕೆಳಬದಿಯಿಂದ ಮರಳುವ ಅಲೆಯೂ ಒಂದನ್ನೊಂದು ಅಳಿಸುತ್ತವೆ. ನಡುವೆ ಬೆಳಕಿದೆ ಎಂದರೆ ಎರಡು ಗಾಜುಗಳು ನಿಜಕ್ಕೂ ತಾಗಿಲ್ಲ, ಮಧ್ಯದಲ್ಲಿ ಧೂಳಿನ ಕಣ ಕುಳಿತಿದೆ ಎಂದು ಅರ್ಥ. ಮತ್ತೆ ಒರೆಸಿ ಇಟ್ಟಾಗ ಕಪ್ಪು ಚುಕ್ಕೆ ಬಂದಿತು. ಸರ್ 11ಕ್ಕೆ ಬಂದು ಕೇಳಿದ ಮೊದಲ ಪ್ರಶ್ನೆಯೂ ಇದೇ: ನಡುವೆ ಕಪ್ಪು ಯಾಕೆ?

ಒಬ್ಬಳೇ ರೀಡಿಂಗ್ ತೆಗೆಯುವುದು ಎಷ್ಟು ಕಷ್ಟ ಎಂಬುದು ಆಮೇಲೆ ತಿಳಿಯಿತು. ಜೋಡಿ ಇದ್ದರೆ ಒಬ್ಬರು ಐಪೀಸ್‌ನಲ್ಲಿ ಕಣ್ಣಿಟ್ಟು ಉಂಗುರ ಎಣಿಸುತ್ತಾರೆ, ಇನ್ನೊಬ್ಬರು ವರ್ನಿಯರ್ ಓದಿ ಬರೆದುಕೊಳ್ಳುತ್ತಾರೆ. ಒಬ್ಬರೇ ಇದ್ದಾಗ ಕಣ್ಣು ತೆಗೆದು, ಟಾರ್ಚ್ ಹಿಡಿದು ವರ್ನಿಯರ್ ನೋಡಿ, ಬರೆದು, ಮತ್ತೆ ಐಪೀಸ್‌ಗೆ ಬಂದರೆ ಕತ್ತಲೆಗೆ ಹೊಂದಿದ್ದ ಕಣ್ಣು ಮತ್ತೆ ಹೊಂದಿಕೊಳ್ಳಬೇಕು, ಅಷ್ಟರಲ್ಲಿ ಯಾವ ಉಂಗುರದ ಮೇಲೆ ಇದ್ದೆ ಎಂಬುದೇ ಮರೆತಿರುತ್ತದೆ. ನಾನು ಕ್ರಾಸ್‌ವೈರ್ ಅನ್ನು ಉಂಗುರದ ಮೇಲೆ ಕೂಡಿಸಿದ ಕೂಡಲೇ ಅದರ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡು, ರೀಡಿಂಗ್‌ಗಿಂತ ಮೊದಲು ಅದನ್ನೇ ಬರೆಯುತ್ತಿದ್ದೆ. ತಿರುಪನ್ನು ಎಡಗಡೆಯ ಹದಿನೆಂಟನೆಯ ಉಂಗುರದವರೆಗೆ ಒಯ್ದು, ಅಲ್ಲಿಂದ ಹಿಂದಿರುಗಿ ಹದಿನಾರರಿಂದ ಆರಂಭಿಸಿ, ಕೇಂದ್ರವನ್ನು ದಾಟಿ ಬಲಗಡೆಯ ಹದಿನಾರರವರೆಗೆ ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು. ನಡುವೆ ಒಮ್ಮೆ ಹಿಂದಕ್ಕೆ ತಿರುಗಿಸಿದರೂ ತಿರುಪಿನ ಹಲ್ಲುಗಳ ಸಡಿಲಿನಿಂದ ಸೂಕ್ಷ್ಮದರ್ಶಕ ಅಲ್ಲಾಡದೆ ಸಂಖ್ಯೆ ಮಾತ್ರ ಬದಲಾಗುತ್ತದೆ.

ಎಡಗಡೆ ಮುಗಿಸುವ ಹೊತ್ತಿಗೆ ಕರೆಂಟ್ ಹೋಯಿತು. ಎದೆ ಧಸಕ್ ಎಂದಿತು. ಆದರೆ ಕ್ರಾಸ್‌ವೈರ್ ನಾಲ್ಕನೆಯ ಉಂಗುರದ ಮೇಲೆ ಇತ್ತು, ರೀಡಿಂಗ್ ಬರೆದಾಗಿತ್ತು. ಹೀಗಾಗಿ ಮೇಜನ್ನು ಮುಟ್ಟದೆ ಸುಮ್ಮನೆ ಕುಳಿತೆ. ಕರೆಂಟ್ ಮರಳಿದ ಮೇಲೆ ದೀಪ ಮತ್ತೆ ಕೆಂಪಿನಿಂದ ಹಳದಿಗೆ ಬರುವವರೆಗೆ ಕಾಯ್ದು ಮುಂದುವರಿದೆ. ಮೂರು ಗಂಟೆ ಕೇಳಿದ್ದು ಎಷ್ಟು ಒಳ್ಳೆಯದಾಯಿತು ಎಂದು ಅನ್ನಿಸಿದ್ದು ಆಗಲೇ.

ರೀಡಿಂಗ್‌ಗಳು ಹೀಗೆ ಬಂದವು. ನಮ್ಮ ಸೂಕ್ಷ್ಮದರ್ಶಕದ ಲೀಸ್ಟ್ ಕೌಂಟ್ 0.001 ಸೆಂ.ಮೀ. ಹನ್ನೆರಡನೆಯ ಕಪ್ಪು ಉಂಗುರ ಎಡಕ್ಕೆ 5.136, ಬಲಕ್ಕೆ 4.604, ವ್ಯಾಸ 0.532 ಸೆಂ.ಮೀ. ನಾಲ್ಕನೆಯದು 5.024 ಮತ್ತು 4.717, ವ್ಯಾಸ 0.307. ಸೋಡಿಯಂ ಬೆಳಕಿನ ಸರಾಸರಿ ತರಂಗಾಂತರವನ್ನು 5893 ಆಂಗ್‌ಸ್ಟ್ರಾಮ್, ಅಂದರೆ 5.893 × 10⁻⁵ ಸೆಂ.ಮೀ. ಎಂದು ತೆಗೆದುಕೊಂಡು ಸೂತ್ರಕ್ಕೆ ಹಾಕಿದೆ.

R = (Dₘ² − Dₙ²) / 4(m − n)λ

ವ್ಯಾಸಗಳ ವರ್ಗಗಳ ಅಂತರ 0.1888, ಛೇದ 4 × 8 × 5.893 × 10⁻⁵ = 0.001886. ತ್ರಿಜ್ಯ 100.1 ಸೆಂ.ಮೀ. ಬಂದಿತು. ಹದಿನಾರು ಮತ್ತು ಎಂಟನೆಯ ಉಂಗುರಗಳ ವ್ಯಾಸ 0.613 ಮತ್ತು 0.434, ಅದರಿಂದ 99.4 ಸೆಂ.ಮೀ. ಹದಿನಾರನೆಯದರ ವ್ಯಾಸ 0.614 ಎಂದು ಓದಿದ್ದರೆ ಅದು 100.0 ಆಗುತ್ತಿತ್ತು. ಒಂದೇ ಒಂದು ವರ್ನಿಯರ್ ಗೆರೆಯ ಬೆಲೆ ಇಲ್ಲಿ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು. ಆದರೂ ನೋಡಿದ್ದನ್ನು ನೋಡಿದಂತೆಯೇ ಬರೆದು ಸರಾಸರಿ ತೆಗೆದೆ.

ಸರ್ ಕೋಷ್ಟಕ ನೋಡಿದ ರೀತಿ ನನಗೆ ಹೊಸದು, ಅದನ್ನು ಹೇಳಲೇಬೇಕು. ಅವರು ತ್ರಿಜ್ಯವನ್ನು ನೋಡದೆ ಪ್ರತಿ ಉಂಗುರದ ಎಡ ಬಲದ ರೀಡಿಂಗ್ ಕೂಡಿಸಿ ಎರಡರಿಂದ ಭಾಗಿಸಿದರು. ಎಲ್ಲ ಉಂಗುರಗಳಿಗೂ ಕೇಂದ್ರ ಒಂದೇ ಆದ್ದರಿಂದ ಉತ್ತರವೂ ಒಂದೇ ಬರಬೇಕು. ನನ್ನವು ಎಲ್ಲ 4.870ರ ಆಸುಪಾಸಿನಲ್ಲಿದ್ದವು. ಬಲಗಡೆ ಹದಿನೈದನೆಯದನ್ನು ಹದಿನಾರು ಎಂದು ಎಣಿಸಿದ್ದರೆ ಆ ಸಾಲಿನ ಮಧ್ಯಬಿಂದು ಸುಮಾರು 0.005 ಸೆಂ.ಮೀ. ಸರಿದು ಕೂಡಲೇ ಎದ್ದು ಕಾಣುತ್ತಿತ್ತು. ಒಂಟಿಯಾಗಿ ರೀಡಿಂಗ್ ತೆಗೆಯುವವರು ದೀಪ ಆರಿಸುವ ಮೊದಲೇ ಈ ಲೆಕ್ಕವನ್ನು ಮಾಡಿಕೊಳ್ಳಬೇಕು, ಏಕೆಂದರೆ ಮಸೂರ ಎತ್ತಿದ ಮೇಲೆ ಒಂದು ಸಾಲನ್ನು ಮಾತ್ರ ತಿದ್ದಲು ಬರುವುದಿಲ್ಲ, ಕೋಷ್ಟಕವನ್ನೇ ಮತ್ತೆ ತೆಗೆಯಬೇಕಾಗುತ್ತದೆ.

ಜರ್ನಲ್‌ನಲ್ಲಿ ಪ್ರಯೋಗದ ದಿನಾಂಕದ ಜಾಗದಲ್ಲಿ 7ನ್ನು ಬರೆಯಬೇಕೋ 23ನ್ನು ಬರೆಯಬೇಕೋ ಎಂದು ಕೇಳಿದಾಗ ಸರ್ 23 ಎಂದೇ ಬರೆಸಿದರು. ಅನುಕ್ರಮಣಿಕೆಯ ಪುಟದಲ್ಲಿಯೂ ಅದನ್ನೇ ಹಾಕಿ, ಪಕ್ಕದಲ್ಲಿ 'ಅನುಮತಿಯ ಮೇರೆಗೆ' ಎಂದು ಬರೆದು ಸಹಿ ಮಾಡಿದರು. ಹಾಜರಾತಿ ಪುಸ್ತಕದಲ್ಲಿ 7ರ ಗೈರು ಹಾಗೆಯೇ ಉಳಿಯಿತು. ಪ್ರಯೋಗವನ್ನು ಮತ್ತೆ ಮಾಡಿದರೂ ಅದನ್ನು ಅಳಿಸುವುದಿಲ್ಲ, ಅದಕ್ಕೆ ವೈದ್ಯಕೀಯ ಪ್ರಮಾಣಪತ್ರವನ್ನು ಕಚೇರಿಗೆ ಬೇರೆಯಾಗಿ ಕೊಡಬೇಕಾಯಿತು. ದಿನಾಂಕಗಳ ಸಾಲಿನಲ್ಲಿ ಒಂದು ಪ್ರಯೋಗ ಮಾತ್ರ ಹಿಂದುಮುಂದಾಗಿರುವುದನ್ನು ಪರೀಕ್ಷಕರು ಕೇಳಿಯಾರು ಎಂದು, ಪತ್ರದ ನನ್ನ ಪ್ರತಿಯನ್ನು ಆ ಪ್ರಯೋಗದ ಪುಟದ ಹಿಂದೆ ಅಂಟಿಸಿಟ್ಟಿದ್ದೇನೆ.